ಕಬ್ಬಿಣದ ಬಿಲ್‌ನಲ್ಲಿ 398 ಕೆಜಿ ತಕರಾರು: ಪಾರ್ಟಿಗೆ ಉತ್ತರ ಹೇಗೆ ಬರೆಯೋದು?

ಗೋದಾಮು_ದಾವಣಗೆರೆ
ನಮ್ಮದು ಟಿಎಂಟಿ ಕಬ್ಬಿಣದ ಡೀಲರ್‌ಶಿಪ್. ಒಬ್ಬ ಕಂಟ್ರಾಕ್ಟರ್‌ಗೆ ಹಾಸ್ಟೆಲ್ ಕಟ್ಟಡದ ಕೆಲಸಕ್ಕೆ ಮೂರು ಲೋಡ್ ಕಳಿಸಿದ್ದೆವು. ಈಗ ಅವರ ಅಕೌಂಟ್ಸ್‌ನಿಂದ ಮೇಲ್ ಬಂದಿದೆ. ನಿಮ್ಮ ಬಿಲ್ 15,420 ಕೆಜಿ, ನಮ್ಮ ಸ್ಟೋರ್‌ನಲ್ಲಿ ಬಂದಿರೋದು 15,022 ಕೆಜಿ, 398 ಕೆಜಿ ಕಡಿಮೆ, ಡೆಬಿಟ್ ನೋಟ್ ಹಾಕುತ್ತೇವೆ ಅಂತ. ಅಲ್ಲಿವರೆಗೆ ಮೂರೂ ಬಿಲ್ ಹೋಲ್ಡ್. ದರ ಕೆಜಿಗೆ 56 ರೂಪಾಯಿ, ಅಂದರೆ 22,288 ರೂಪಾಯಿ, ಮೇಲೆ ಜಿಎಸ್‌ಟಿ.

ಹಳೇ ಪಾರ್ಟಿ, ಜಗಳ ಬೇಡ. ಆದರೆ ಲಾರಿ ತೂಗಿಸಿಯೇ ಕಳಿಸಿದ್ದೇವೆ, ಸ್ಲಿಪ್ ಇದೆ. ಯಾರ ಮೇಲೂ ತಪ್ಪು ಹೊರಿಸದೆ, ಲೆಕ್ಕ ಮಾತ್ರ ಇಟ್ಟು ಉತ್ತರ ಬರೆಯಬೇಕು. ಹೇಗೆ ಶುರು ಮಾಡಲಿ?

ಬಳ್ಳಾರಿ_ರೋಡ್
ಲಾಯರ್ ಕೈಯಲ್ಲಿ ನೋಟಿಸ್ ಕೊಡಿಸಿ. ಮೂರು ದಿನದಲ್ಲಿ ದುಡ್ಡು ಬರುತ್ತೆ.

ಗೋದಾಮು_ದಾವಣಗೆರೆ
22 ಸಾವಿರಕ್ಕೆ ನೋಟಿಸ್ ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತೆ ಸಾರ್. ಅದು ಬೇಡ.

ಎಂಸ್ಯಾಂಡ್_ಮಂಡ್ಯ
ನಮಗೂ ಇದೇ ಆಗಿತ್ತು. ಕ್ರಷರ್‌ನಲ್ಲಿ ತೊಳೆದ ಎಂ ಸ್ಯಾಂಡ್ ಹಸಿಯಾಗೇ ಲೋಡ್ ಮಾಡಿ ಕಳಿಸಿದರೆ ದಾರಿಯುದ್ದಕ್ಕೂ ನೀರು ಸೋರುತ್ತೆ. ಅಲ್ಲಿ ತೂಗಿದಾಗ ಒಂದೂವರೆ ಪರ್ಸೆಂಟ್‌ವರೆಗೂ ಕಡಿಮೆ. ನಾವು ತೇವಾಂಶದ ಲೆಕ್ಕ ಕೊಟ್ಟು ಬಗೆಹರಿಸಿಕೊಂಡೆವು. ನೀವೂ ಹಾಗೇ ಬರೆಯಿರಿ.

ಲಾರಿ_22ಚಕ್ರ
ಅಣ್ಣ, ಅವರು ಕೇಳ್ತಿರೋದು ಕಬ್ಬಿಣ. ಕಬ್ಬಿಣ ಎಲ್ಲಿ ಸೋರುತ್ತೆ?

ಬಿಲ್ಲಿಂಗ್_ಇಂಜಿನಿಯರ್
ನಾನು ಆ ಕಡೆಯವನು, ಕಂಟ್ರಾಕ್ಟರ್ ಹತ್ತಿರ ಬಿಲ್ಲಿಂಗ್ ನೋಡುತ್ತೇನೆ. ಉತ್ತರ ಬರೆಯೋ ಮುಂಚೆ ಒಂದು ಕೇಳಿ ತಿಳಿದುಕೊಳ್ಳಿ: ಮಾಲು ಬಂದಾಗ ಅವರ ಸ್ಟೋರ್ ಬರೆಯೋ ರಸೀದಿ, ಅಂದರೆ ಜಿಆರ್‌ಎನ್‌ನಲ್ಲಿರೋ ಕೆಜಿ ತೂಗಿ ಬರೆದದ್ದಾ, ಎಣಿಸಿ ಬರೆದದ್ದಾ? ಬಹಳ ಸೈಟ್‌ಗಳಲ್ಲಿ ಸ್ಟೋರ್‌ನವರು ರಾಡ್ ಎಣಿಸಿ ಸ್ಟ್ಯಾಂಡರ್ಡ್ ತೂಕದಿಂದ ಗುಣಿಸುತ್ತಾರೆ. 12 ಎಂಎಂ ಮೀಟರ್‌ಗೆ 0.888 ಕೆಜಿ, 12 ಮೀಟರ್ ರಾಡ್‌ಗೆ 10.656. ನಾವು ಇಲಾಖೆಗೆ ಬಿಲ್ ಮಾಡೋದೂ ಅದೇ ತೂಕದಲ್ಲಿ. ಡ್ರಾಯಿಂಗ್ ನೋಡಿ ಉದ್ದ ಅಳೆದು ಗುಣಿಸುತ್ತೇವೆ, ಅಲ್ಲಿ ಯಾರೂ ತೂಗಲ್ಲ.

ರಾಡ್ ನಿಜವಾಗಿ ಅಷ್ಟೇ ತೂಗಬೇಕು ಅಂತ ಏನಿಲ್ಲ. ಮಿಲ್‌ನಲ್ಲಿ ರಾಡ್ ಎಳೆಯೋ ರೋಲ್ ಸವೆದರೆ ಸ್ವಲ್ಪ ದಪ್ಪ ಬರುತ್ತೆ. ನೀವು ತೂಕಕ್ಕೆ ಬಿಲ್ ಮಾಡುತ್ತೀರಿ, ನಮಗೆ ದುಡ್ಡು ಬರೋದು ಉದ್ದಕ್ಕೆ. ನಡುವಿನ ಅಂತರ ನಮ್ಮ ಜೇಬಿಂದ ಹೋಗುತ್ತೆ. ಅದಕ್ಕೇ ನಮ್ಮವರು ಅದನ್ನ 'ಕಡಿಮೆ ಬಂದಿದೆ' ಅಂತಾರೆ.

ಗೋದಾಮು_ದಾವಣಗೆರೆ
ಫೋನ್ ಮಾಡಿ ಕೇಳಿದೆ. ಎಣಿಸಿಯೇ ಬರೆದಿದ್ದಾರೆ. ಜಿಆರ್‌ಎನ್ ಕಾಪಿ ಕಳಿಸಿದರು. ಎಲ್ಲಾ 12 ಮೀಟರ್ ರಾಡ್. ಎರಡೂ ಕಡೆ ಲೆಕ್ಕ ಇಲ್ಲಿದೆ:

ಚಲನ್ 412, 12 ಎಂಎಂ: ಚಲನ್‌ನಲ್ಲಿ 480 ರಾಡ್, 5,220 ಕೆಜಿ. ಜಿಆರ್‌ಎನ್‌ನಲ್ಲಿ 480 ರಾಡ್, 5,115 ಕೆಜಿ.
ಚಲನ್ 419, 16 ಎಂಎಂ: ಚಲನ್‌ನಲ್ಲಿ 300 ರಾಡ್, 5,810 ಕೆಜಿ. ಜಿಆರ್‌ಎನ್‌ನಲ್ಲಿ 300 ರಾಡ್, 5,688 ಕೆಜಿ.
ಚಲನ್ 427, 8 ಎಂಎಂ: ಚಲನ್‌ನಲ್ಲಿ 900 ರಾಡ್, 4,390 ಕೆಜಿ. ಜಿಆರ್‌ಎನ್‌ನಲ್ಲಿ 890 ರಾಡ್, 4,219 ಕೆಜಿ.

ಬಿಲ್ಲಿಂಗ್_ಇಂಜಿನಿಯರ್
ನೋಡಿ, ಮೊದಲ ಎರಡು ಲೋಡ್‌ನಲ್ಲಿ ಒಂದು ರಾಡ್ ಕೂಡ ಹೆಚ್ಚುಕಮ್ಮಿ ಇಲ್ಲ. 480ಕ್ಕೆ 480, 300ಕ್ಕೆ 300. ಮಾಲು ಪೂರ್ತಿ ತಲುಪಿದೆ ಅಂತ ಅವರ ಸ್ಟೋರ್ ಸಹಿ ಮಾಡಿದಂತೆಯೇ. ಅಲ್ಲಿರೋ 105 ಮತ್ತು 122 ಕೆಜಿ ಬರೀ ಲೆಕ್ಕದ ದಾರಿ ಬೇರೆ ಆಗಿದ್ದಕ್ಕೆ ಬಂದದ್ದು.

ಮೂರನೇದು ಬೇರೆ. ಅಲ್ಲಿ 10 ರಾಡ್ ವ್ಯತ್ಯಾಸ ಇದೆ. 8 ಎಂಎಂ ರಾಡ್ ಸ್ಟ್ಯಾಂಡರ್ಡ್ ತೂಕದಲ್ಲಿ 4.74 ಕೆಜಿ, ಹತ್ತಕ್ಕೆ 47 ಕೆಜಿ. 171ರಲ್ಲಿ ಅದನ್ನ ಕಳೆದರೆ 124 ಮತ್ತೆ ಅದೇ ದಪ್ಪದ ಲೆಕ್ಕ. ಹಾಗಾಗಿ 398ರಲ್ಲಿ 351 ಕೆಜಿ ಒಂದು ಜಾತಿ, 47 ಕೆಜಿ ಇನ್ನೊಂದು ಜಾತಿ. ಉತ್ತರದಲ್ಲಿ ಇವೆರಡನ್ನೂ ಬೇರೆ ಬೇರೆ ತೋರಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಸೈಟ್_ಮೇಸ್ತ್ರಿ
ಎರಡು ಪರ್ಸೆಂಟ್ ಜಾಸ್ತಿ ತೂಗೋ ರಾಡ್ ಅಂದರೆ ಡೂಪ್ಲಿಕೇಟ್ ಮಾಲು. ಐಎಸ್‌ಐ ಮಾಲು ಕರೆಕ್ಟಾಗಿ ಟೇಬಲ್ ತೂಕನೇ ಬರಬೇಕು.

ಬಿಲ್ಲಿಂಗ್_ಇಂಜಿನಿಯರ್
ಇಲ್ಲ ಮೇಸ್ತ್ರಿ, ಐಎಸ್ 1786ರಲ್ಲೇ ವಿನಾಯಿತಿ ಇದೆ. ಬ್ಯಾಚ್ ಲೆಕ್ಕದಲ್ಲಿ 10 ಎಂಎಂವರೆಗೆ ಏಳು ಪರ್ಸೆಂಟ್ ಆಚೀಚೆ, ಅದರ ಮೇಲೆ 16 ಎಂಎಂವರೆಗೆ ಐದು, ಅದಕ್ಕೂ ದಪ್ಪದ್ದಕ್ಕೆ ಮೂರು. ಇವರದ್ದು 12 ಮತ್ತು 16 ಎಂಎಂನಲ್ಲಿ ಎರಡು ಪರ್ಸೆಂಟ್ ಚಿಲ್ಲರೆ, 8 ಎಂಎಂನಲ್ಲಿ ಮೂರರ ಒಳಗೆ. ಮಾಲು ಸರಿಯಾಗೇ ಇದೆ. ಆದರೆ ಮಾಲು ಸರಿ ಇದೆ ಅನ್ನೋದು ಬೇರೆ, ಆ ಹೆಚ್ಚಿನ ತೂಕಕ್ಕೆ ದುಡ್ಡು ಯಾರು ಕೊಡಬೇಕು ಅನ್ನೋದು ಬೇರೆ. ಎರಡನೇದಕ್ಕೆ ಐಎಸ್ ಕೋಡ್ ಉತ್ತರ ಕೊಡಲ್ಲ, ಪರ್ಚೇಸ್ ಆರ್ಡರ್, ಅಂದರೆ ಪಿಒ, ಕೊಡುತ್ತೆ.

ಸ್ಟೋರ್ಸ್_ಹಳಬ
ಪಿಒದಲ್ಲಿ ಏನಿದೆ ಹೇಳಿ ಮೊದಲು. ಇಷ್ಟು ಹೊತ್ತು ಯಾರೂ ಕೇಳಲಿಲ್ಲ ಅಲ್ವಾ.

ಗೋದಾಮು_ದಾವಣಗೆರೆ
ಪಿಒದಲ್ಲಿ ಒಂದೇ ಸಾಲು: 'ಪಾವತಿ ವೇ ಬ್ರಿಡ್ಜ್ ತೂಕದ ಮೇಲೆ. ಸೈಟ್ ಕಡೆ ತೂಗಿದ ತೂಕ ಅಂತಿಮ.' ಟೇಬಲ್ ತೂಕಕ್ಕಿಂತ ಹೆಚ್ಚುಕಮ್ಮಿ ಬರೋ ರೋಲಿಂಗ್ ಮಾರ್ಜಿನ್ ಬಗ್ಗೆ ಏನೂ ಇಲ್ಲ. ಸೈಟ್‌ನಲ್ಲಿ ವೇ ಬ್ರಿಡ್ಜ್ ಇಲ್ಲ. ಮೊದಲ ಲೋಡ್ ಮಾತ್ರ ಹತ್ತಿರದ ಪಬ್ಲಿಕ್ ವೇ ಬ್ರಿಡ್ಜ್‌ನಲ್ಲಿ ತೂಗಿಸಿದ್ದಾರೆ, ಅಲ್ಲಿ 5,200 ಬಂದಿದೆ. ಉಳಿದ ಎರಡನ್ನ ತೂಗಿಸಿಲ್ಲ.

ಬಳ್ಳಾರಿ_ರೋಡ್
ಅಲ್ಲೇ ಸಿಕ್ಕಿಬಿದ್ದರು! ನಿಮ್ಮ ವೇ ಬ್ರಿಡ್ಜ್ 5,220, ಅವರದ್ದು 5,200. 20 ಕೆಜಿ ದಾರಿಯಲ್ಲಿ ಹೋಗಿದೆ. ಡ್ರೈವರ್‌ನ ಹಿಡಿಯಿರಿ.

ಲಾರಿ_22ಚಕ್ರ
ಡ್ರೈವರ್ ಮೇಲೆ ಹಾಕೋದು ಸುಲಭ. ವೇ ಬ್ರಿಡ್ಜ್ ಸ್ಲಿಪ್ ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ತೂಕ 10 ಕೆಜಿ ಹೆಜ್ಜೆಯಲ್ಲಿ ಏರುತ್ತೆ. ಲೋಡ್ ಸಮೇತದ ಗ್ರಾಸ್ ಒಂದು ಹೆಜ್ಜೆ ಆಚೆ, ಖಾಲಿ ಗಾಡಿಯ ಟೇರ್ ಒಂದು ಹೆಜ್ಜೆ ಈಚೆ ಆದರೆ ಅಲ್ಲಿಗೇ 20 ಕೆಜಿ. ಅದರ ಮೇಲೆ ಒಂದು ಕಡೆ ತೂಗುವಾಗ ಕ್ಲೀನರ್ ಕ್ಯಾಬಿನ್‌ನಲ್ಲೇ ಕೂತಿರುತ್ತಾನೆ, ಟೇರ್ ತೂಗುವಾಗ ಟೀ ಕುಡಿಯೋಕೆ ಇಳಿದಿರುತ್ತಾನೆ. ಮಳೆ ಬಂದರೆ ತಾಡಪತ್ರಿ ನೆನೆದು ಭಾರ. 12 ಎಂಎಂನ ಎರಡು ರಾಡ್ ಎಳೆದುಕೊಂಡು ಡ್ರೈವರ್ ಏನು ಮಾಡ್ತಾನೆ? ಎಣಿಕೆ ಬೇರೆ ಸರಿಯಾಗೇ ಇದೆಯಲ್ಲ, 480.

ಬಳ್ಳಾರಿ_ರೋಡ್
ಸರಿ, ಎಣಿಕೆ ನೋಡಿರಲಿಲ್ಲ.

ಸ್ಟೋರ್ಸ್_ಹಳಬ
ಲಾರಿ ಅಣ್ಣ ಹೇಳಿದ್ದು ಸರಿ, ಆದರೂ ಆ 20 ಕೆಜಿ ಬಿಟ್ಟುಕೊಡಿ. ಪಿಒದಲ್ಲಿ ಸೈಟ್ ತೂಕ ಅಂತಿಮ ಅಂತ ನೀವೇ ಒಪ್ಪಿದ್ದೀರಿ. ನಿಮಗೆ ಅನುಕೂಲ ಆಗೋ ಕಡೆ ಆ ಸಾಲು ಹಿಡಿದು, ಆಗದ ಕಡೆ ಬಿಟ್ಟರೆ ನಿಮ್ಮ ಉಳಿದ ಲೆಕ್ಕವನ್ನೂ ಅವರು ನಂಬಲ್ಲ. 412ಕ್ಕೆ 5,200 ಒಪ್ಪಿ. 419 ಮತ್ತು 427ಕ್ಕೆ ಸೈಟ್ ತೂಕವೇ ಇಲ್ಲ, ಇರೋ ಒಂದೇ ತೂಕ ನಿಮ್ಮ ಸ್ಲಿಪ್. ಹಾಗಂತ ಬರೆಯಿರಿ. 'ನೀವು ತೂಗಿಸಲಿಲ್ಲ' ಅನ್ನಬೇಡಿ. 'ಈ ಎರಡು ಲೋಡ್‌ಗೆ ಸೈಟ್ ಕಡೆಯ ತೂಕದ ಸ್ಲಿಪ್ ನಮ್ಮ ಬಳಿ ಇಲ್ಲ, ಇದ್ದರೆ ಕಳಿಸಿ' ಅನ್ನಿ.

ಇನ್ನು 8 ಎಂಎಂ. ರಾಡ್ ನೇರವಾಗಿ ಹೋಯ್ತಾ, ಮಡಚಿ ಹೋಯ್ತಾ?

ಗೋದಾಮು_ದಾವಣಗೆರೆ
ಮಡಚಿ. ಆ ದಿನ ಉದ್ದದ ಗಾಡಿ ಸಿಗಲಿಲ್ಲ.

ಸ್ಟೋರ್ಸ್_ಹಳಬ
ಹಾಗಾದರೆ 10 ರಾಡ್‌ಗೆ ಯಾರೂ ಆಣೆ ಮಾಡೋಕೆ ಆಗಲ್ಲ. ಮಡಚಿದ ಕಟ್ಟಿನಲ್ಲಿ ರಾಡ್‌ನ ಎರಡು ತುದಿಯೂ ಒಂದೇ ಕಡೆ ಇರುತ್ತೆ. ಸ್ಟೋರ್ ಹುಡುಗರು ತುದಿ ಎಣಿಸಿ ಅರ್ಧ ಮಾಡುತ್ತಾರೆ. ತುದಿಗಳು ಒಂದೇ ಸಮ ಇರಲ್ಲ, ಕೆಲವು ಒಳಗೆ ಸರಿದು ಕಾಣದೇ ಹೋಗುತ್ತವೆ. 900 ರಾಡ್ ಅಂದರೆ 1,800 ತುದಿ. ಅದರಲ್ಲಿ 20 ತುದಿ ತಪ್ಪಿದರೆ ನಿಮ್ಮ 10 ರಾಡ್ ಹೋಯ್ತು. ನಾವು ಮಡಚಿರೋ ಬೆನ್ನಿನ ಕಡೆ ಎಣಿಸಿ ಚಾಕ್‌ಪೀಸ್‌ನಲ್ಲಿ ಗೆರೆ ಹಾಕುತ್ತಿದ್ದೆವು. ಕಟ್ಟು ಬಿಚ್ಚಿದ ಮೇಲೆ ಇನ್ನೊಮ್ಮೆ ಎಣಿಸಿದ್ದೇ ಕೊನೆ ಲೆಕ್ಕ.

ಹಾಗಂತ ನಿಮ್ಮ ಗೋದಾಮಿನ 900 ಸರಿ ಅಂತಲೂ ನಾನು ಹೇಳಲ್ಲ. ಅಲ್ಲಿ ಯಾರು ಎಣಿಸಿದರು? ಕಟ್ಟಿನ ಮೇಲೆ ಮಿಲ್ ಟ್ಯಾಗ್ ಇತ್ತಾ, ಅದರಲ್ಲಿ ಪೀಸ್ ನಂಬರ್ ಇತ್ತಾ? ಚಲನ್ ಮೇಲೆ ಗೇಟ್‌ನಲ್ಲಿ ಏನಂತ ಬರೆದು ಸಹಿ ಹಾಕಿದ್ದಾರೆ?

ಗೋದಾಮು_ದಾವಣಗೆರೆ
ಟ್ಯಾಗ್ ಪ್ರಕಾರ ಎಣಿಕೆ. ಟ್ಯಾಗ್ ಫೋಟೋ ಕೆಲವು ಕಟ್ಟಿಗೆ ಮಾತ್ರ ಇದೆ. ಚಲನ್ ಮೇಲೆ ಸೆಕ್ಯುರಿಟಿ ಸೀಲ್, ಸಮಯ, ಸಹಿ. ಕೆಳಗೆ ಪೆನ್‌ನಲ್ಲಿ 'ಎಣಿಕೆ ಬಾಕಿ' ಅಂತ ಬರೆದಿದ್ದಾರೆ.

ತೆರಿಗೆ_ಲೆಕ್ಕ
'ಎಣಿಕೆ ಬಾಕಿ' ಇದ್ದ ಮೇಲೆ ಆ ಸಹಿ ಲಾರಿ ಬಂತು ಅನ್ನೋದಕ್ಕೆ ಮಾತ್ರ ಸಾಕ್ಷಿ, 900 ಬಂತು ಅನ್ನೋದಕ್ಕೆ ಅಲ್ಲ. ಆ ಬರಹವನ್ನ ಉತ್ತರದಲ್ಲಿ ನೀವೇ ಹೇಳಿಬಿಡಿ, ಮುಚ್ಚಿಡಬೇಡಿ. ಕಾಪಿ ಅವರ ಹತ್ತಿರವೂ ಇದೆ.

ಹೊಸಬ_ಸಿವಿಲ್
ಒಂದು ಐಡಿಯಾ. 8 ಎಂಎಂ ರಾಡ್ ಒಂದು ಮೀಟರ್ ಕತ್ತರಿಸಿ ತೂಗಿದರೆ 900ಆ 890ಆ ಗೊತ್ತಾಗುತ್ತಲ್ಲ? 4,390 ಕೆಜಿಯನ್ನ 900 ರಾಡ್‌ಗೆ ಹಂಚಿದರೆ ಮೀಟರ್‌ಗೆ 406 ಗ್ರಾಂ, 890ಕ್ಕೆ ಹಂಚಿದರೆ 411 ಗ್ರಾಂ.

ಬಿಲ್ಲಿಂಗ್_ಇಂಜಿನಿಯರ್
ಲೆಕ್ಕ ಸರಿ, ಆದರೆ ಇದಕ್ಕೆ ಉಪಯೋಗಕ್ಕೆ ಬರಲ್ಲ. 5 ಗ್ರಾಂ ಅಂದರೆ ಒಂದು ಪರ್ಸೆಂಟ್ ಚಿಲ್ಲರೆ. ಒಂದೇ ಕಟ್ಟಿನ ಎರಡು ರಾಡ್ ನಡುವೆಯೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಇನ್ನೊಂದು, ಲಾರಿ ತೂಗಿದ ಮೇಲೆ ರಾಡ್ ಹೋಗಿದ್ದರೆ ತುಂಡಿನ ತೂಕ 406ಏ ಬರುತ್ತೆ, ಆದರೂ ಸೈಟ್‌ನಲ್ಲಿ 890ಏ ಇರುತ್ತೆ.

ಆದರೆ 351 ಕೆಜಿ ವಿಷಯಕ್ಕೆ ನಿಮ್ಮ ಐಡಿಯಾ ಚೆನ್ನಾಗಿ ಕೆಲಸ ಮಾಡುತ್ತೆ. 12 ಎಂಎಂನಲ್ಲಿ ಚಲನ್ ತೂಕ ನಿಜ ಆಗಿದ್ದರೆ ಮೀಟರ್‌ಗೆ 906 ಗ್ರಾಂ ಬರಬೇಕು, ಟೇಬಲ್‌ನಲ್ಲಿ 888. 16 ಎಂಎಂಗೆ 1,614 ಗ್ರಾಂ, ಟೇಬಲ್‌ನಲ್ಲಿ 1,580. ಉಳಿದ ಮಾಲಿನಿಂದ ಬೇರೆ ಬೇರೆ ಕಟ್ಟಿನ ಏಳೆಂಟು ತುಂಡು ಕತ್ತರಿಸಿ, ಉದ್ದ ಸರಿಯಾಗಿ ಅಳೆದು, ಗ್ರಾಂ ತೋರಿಸೋ ತಕ್ಕಡಿಯಲ್ಲಿ ಇಬ್ಬರೂ ನಿಂತು ತೂಗಿ. ಸರಾಸರಿ 900ರ ಆಸುಪಾಸು ಬಂದರೆ ರಾಡ್ ಎಣಿಕೆಯೂ ನಿಜ, ವೇ ಬ್ರಿಡ್ಜ್ ತೂಕವೂ ನಿಜ ಅಂತಾಯ್ತು. 888ಕ್ಕೇ ನಿಂತರೆ ನಿಮ್ಮ ವೇ ಬ್ರಿಡ್ಜ್ ಮೇಲೆ ಪ್ರಶ್ನೆ ಬರುತ್ತೆ, ಅದಕ್ಕೂ ತಯಾರಿರಿ.

ಗೋದಾಮು_ದಾವಣಗೆರೆ
ಅದಕ್ಕೆ ನಾನು ರೆಡಿ. ಆ ವೇ ಬ್ರಿಡ್ಜ್‌ಗೆ ಕಾನೂನು ಮಾಪನ ಇಲಾಖೆಯ ಈ ವರ್ಷದ ಸ್ಟ್ಯಾಂಪಿಂಗ್ ಇದೆ, ಸರ್ಟಿಫಿಕೇಟ್ ಕಾಪಿ ತೆಗೆದುಕೊಂಡಿದ್ದೇನೆ.

ಉದ್ಯಮ್_ಅಣ್ಣ
ಎಂಎಸ್‌ಎಂಇ ಕಾಯ್ದೆ ಮರೆತಿರಾ? ಮಾಲು ತಲುಪಿ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ ಒಪ್ಪಿದಂತೆ. 45 ದಿನ ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಉತ್ತರದ ಕೊನೆಗೆ ಒಂದು ಸಾಲು ಹಾಕಿ, ಹೆದರುತ್ತಾರೆ.

ತೆರಿಗೆ_ಲೆಕ್ಕ
ತಯಾರಕರಿಗೆ ಅದು ಸರಿ. ಇವರು ಡೀಲರ್, ಮಾರಾಟ ಮಾತ್ರ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನ ಎಂಎಸ್‌ಎಂಇಗಳ ಉದ್ಯಮ್ ನೋಂದಣಿಗೆ ಸೇರಿಸಿದಾಗ, ಅವರಿಗೆ ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ ಅಂತ ಸಚಿವಾಲಯ ಹೇಳಿದೆ. ತಡ ಪಾವತಿ ಬಡ್ಡಿ ಅವರಿಗಿಲ್ಲ. ಆ ಸಾಲು ಹಾಕಿದರೆ ಅವರ ಆಡಿಟರ್ ಮೊದಲು ಅದನ್ನೇ ಹೊಡೆಯುತ್ತಾರೆ. ಆಮೇಲೆ ನಿಮ್ಮ ಸರಿಯಾದ ಲೆಕ್ಕದ ಮೇಲೂ ಅನುಮಾನ.

ಉದ್ಯಮ್_ಅಣ್ಣ
ನಮ್ಮ ಆಡಿಟರ್ ಹಾಗೆ ಹೇಳಲಿಲ್ಲವಲ್ಲ.

ತೆರಿಗೆ_ಲೆಕ್ಕ
ನಿಮ್ಮದು ಫ್ಯಾಬ್ರಿಕೇಶನ್ ಅಂತ ಹಿಂದೆ ಬರೆದಿದ್ದಿರಿ. ನಿಮಗೆ ಅನ್ವಯಿಸುತ್ತೆ. ಇವರಿಗೆ ಇಲ್ಲ.

ಡೆಬಿಟ್ ನೋಟ್ ವಿಷಯ ಹೇಳಿಬಿಡುತ್ತೇನೆ. ಖರೀದಿದಾರ ತನ್ನ ಪುಸ್ತಕದಲ್ಲಿ ಏನೇ ಡೆಬಿಟ್ ಹಾಕಲಿ, ನಿಮ್ಮ ಜಿಎಸ್‌ಟಿ ಅದರಿಂದ ಕಡಿಮೆ ಆಗಲ್ಲ. ಯಾವುದನ್ನ ನೀವು ಒಪ್ಪುತ್ತೀರೋ ಅಷ್ಟಕ್ಕೆ ನೀವೇ ಸೆಕ್ಷನ್ 34ರಲ್ಲಿ ಕ್ರೆಡಿಟ್ ನೋಟ್ ಕೊಡಬೇಕು. 412ರ 20 ಕೆಜಿಗೆ 1,120 ರೂಪಾಯಿ, 18 ಪರ್ಸೆಂಟ್ ಜಿಎಸ್‌ಟಿ 201.60, ಒಟ್ಟು 1,321.60. ಒಪ್ಪದ ಭಾಗಕ್ಕೆ ಈಗಲೇ ಏನೂ ಕೊಡಬೇಡಿ. ಹಳೇ ಇನ್‌ವಾಯ್ಸ್ ಕ್ಯಾನ್ಸಲ್ ಮಾಡಿ ಹೊಸದು ಕೊಡಿ ಅಂದರೂ ಒಪ್ಪಬೇಡಿ. ಇ-ಇನ್‌ವಾಯ್ಸ್ ಆಗಿದ್ದರೆ 24 ಗಂಟೆ ಮೇಲೆ ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಆಗೋದೇ ಇಲ್ಲ.

ಗೋದಾಮು_ದಾವಣಗೆರೆ
ಎಲ್ಲಾ ಸೇರಿಸಿ ಡ್ರಾಫ್ಟ್ ಮಾಡಿದ್ದೇನೆ. ನೋಡಿ ಹೇಳಿ.

> ಮಾನ್ಯರೇ,
> ಚಲನ್ 412, 419, 427ರ ಪ್ರಮಾಣದ ಬಗ್ಗೆ ನಿಮ್ಮ ಮೇಲ್ ತಲುಪಿದೆ. ನಮ್ಮ ಚಲನ್ ಮತ್ತು ನಿಮ್ಮ ಜಿಆರ್‌ಎನ್ ಅಂಕಿಗಳನ್ನು ಇದ್ದ ಹಾಗೆ ಕೆಳಗೆ ಕೊಟ್ಟಿದ್ದೇವೆ.
>
> 412 (12 ಎಂಎಂ): ಚಲನ್ 480 ರಾಡ್ / 5,220 ಕೆಜಿ. ಜಿಆರ್‌ಎನ್ 480 ರಾಡ್ / 5,115 ಕೆಜಿ. ಸೈಟ್ ಕಡೆಯ ವೇ ಬ್ರಿಡ್ಜ್ 5,200 ಕೆಜಿ.
> 419 (16 ಎಂಎಂ): ಚಲನ್ 300 ರಾಡ್ / 5,810 ಕೆಜಿ. ಜಿಆರ್‌ಎನ್ 300 ರಾಡ್ / 5,688 ಕೆಜಿ. ಸೈಟ್ ಕಡೆಯ ಸ್ಲಿಪ್ ನಮ್ಮ ಬಳಿ ಇಲ್ಲ.
> 427 (8 ಎಂಎಂ): ಚಲನ್ 900 ರಾಡ್ / 4,390 ಕೆಜಿ. ಜಿಆರ್‌ಎನ್ 890 ರಾಡ್ / 4,219 ಕೆಜಿ. ಸೈಟ್ ಕಡೆಯ ಸ್ಲಿಪ್ ನಮ್ಮ ಬಳಿ ಇಲ್ಲ. ಚಲನ್ ಮೇಲೆ 'ಎಣಿಕೆ ಬಾಕಿ' ಎಂಬ ಬರಹ ಇದೆ.
>
> ಚಲನ್ ತೂಕ ವೇ ಬ್ರಿಡ್ಜ್‌ನದ್ದು. ಜಿಆರ್‌ಎನ್ ತೂಕ ರಾಡ್ ಎಣಿಕೆಯನ್ನು ಸ್ಟ್ಯಾಂಡರ್ಡ್ ತೂಕದಿಂದ ಗುಣಿಸಿದ್ದು. ಒಟ್ಟು 398 ಕೆಜಿ ವ್ಯತ್ಯಾಸದಲ್ಲಿ 351 ಕೆಜಿ ಈ ಎರಡು ಲೆಕ್ಕದ ವಿಧಾನಗಳ ನಡುವಿನದು, 47 ಕೆಜಿ 427ರ 10 ರಾಡ್ ಎಣಿಕೆಗೆ ಸೇರಿದ್ದು.
>
> ಪಿಒ ಪ್ರಕಾರ ಸೈಟ್ ತೂಕ ಅಂತಿಮವಾದ್ದರಿಂದ 412ಕ್ಕೆ 20 ಕೆಜಿ ಕ್ರೆಡಿಟ್ ನೋಟ್ ಕೊಡುತ್ತೇವೆ. 419 ಮತ್ತು 427ಕ್ಕೆ ನಿಮ್ಮ ಬಳಿ ತೂಕದ ಸ್ಲಿಪ್ ಇದ್ದರೆ ಕಳಿಸಿಕೊಡಿ. ಉಳಿದ ಮಾಲಿನಿಂದ ತುಂಡು ತೆಗೆದು ಜಂಟಿಯಾಗಿ ತೂಗಲು ಮತ್ತು 8 ಎಂಎಂ ಎಣಿಕೆ ದಾಖಲೆ ನೋಡಲು ದಿನ ಗೊತ್ತು ಮಾಡಿ. ತಕರಾರು ಇಲ್ಲದ 15,022 ಕೆಜಿಯ ಹಣವನ್ನು ಈಗ ಬಿಡುಗಡೆ ಮಾಡಬೇಕೆಂದು ಕೋರುತ್ತೇವೆ.
>
> ಲಗತ್ತು: ವೇ ಬ್ರಿಡ್ಜ್ ಸ್ಲಿಪ್, ಸಹಿಯಾದ ಚಲನ್, ಇ-ವೇ ಬಿಲ್, ಲಭ್ಯವಿರುವ ಟ್ಯಾಗ್ ಫೋಟೋ.

ಸ್ಟೋರ್ಸ್_ಹಳಬ
ಚೆನ್ನಾಗಿದೆ. ಓದಿದರೆ ನನ್ನ ಮೇಲೆ ಯಾರೂ ಬೆರಳು ತೋರಿಸಲಿಲ್ಲ ಅಂತ ಸ್ಟೋರ್‌ನವನಿಗೂ ಅನಿಸುತ್ತೆ. ಅವನು ಕಾವಲಿಗೆ ನಿಂತರೆ ಎಣಿಕೆ ಪುಸ್ತಕ ಹೊರಗೆ ಬರಲ್ಲ. ಸ್ಟೋರ್ ಇನ್‌ಚಾರ್ಜ್‌ಗೂ ಒಂದು ಕಾಪಿ ಹಾಕಿ, ಅಕೌಂಟ್ಸ್‌ಗೆ ಮಾತ್ರ ಕಳಿಸಬೇಡಿ.

ಬಿಲ್ಲಿಂಗ್_ಇಂಜಿನಿಯರ್
ಒಂದು ತಿದ್ದುಪಡಿ. 10 ರಾಡ್ ನಿಜಕ್ಕೂ ಬಂದಿಲ್ಲ ಅಂತ ಕೊನೆಗೆ ಒಪ್ಪಬೇಕಾದರೆ ನೀವು ಬಿಟ್ಟುಕೊಡಬೇಕಾದ್ದು 47 ಅಲ್ಲ, 49 ಕೆಜಿ. ನೀವು ಬಿಲ್ ಮಾಡಿರೋದು ಒಂದು ರಾಡ್‌ಗೆ 4.88 ಕೆಜಿ ಲೆಕ್ಕದಲ್ಲಿ. ಕೊಡುವಾಗ ಟೇಬಲ್ ತೂಕ, ತೆಗೆದುಕೊಳ್ಳುವಾಗ ವೇ ಬ್ರಿಡ್ಜ್ ತೂಕ ಅಂದರೆ ಸರಿಯಲ್ಲ.

ಗೋದಾಮು_ದಾವಣಗೆರೆ
ಒಪ್ಪಿದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ ಕಳಿಸುತ್ತೇನೆ.

ಸೈಟ್_ಮೇಸ್ತ್ರಿ
ಕೆಜಿಗೆ 56ಕ್ಕೆ ಯಾವ ಬ್ರಾಂಡ್ ಸಾರ್? ನಮ್ಮ ಕಡೆ 60 ಹೇಳ್ತಿದ್ದಾರೆ.

ಲಾರಿ_22ಚಕ್ರ
ಮೇಸ್ತ್ರಿ, ಡೂಪ್ಲಿಕೇಟ್ ಅಂದವರು ನೀವೇ ಅಲ್ವಾ?

ಗೋದಾಮು_ದಾವಣಗೆರೆ
ಅಪ್‌ಡೇಟ್. ಉತ್ತರ ಕಳಿಸಿದ ಮೇಲೆ ಅವರ ಇಂಜಿನಿಯರ್ ಕರೆದರು. 12 ಮತ್ತು 16 ಎಂಎಂ ಎರಡರಿಂದಲೂ ತುಂಡು ಕತ್ತರಿಸಿ ತೂಗಿದೆವು. 12 ಎಂಎಂ ಸರಾಸರಿ 903 ಗ್ರಾಂ, 16 ಎಂಎಂ 1,610. ಇಬ್ಬರೂ ಹಾಳೆ ಮೇಲೆ ಸಹಿ ಹಾಕಿದೆವು. 412 ಮತ್ತು 419ರ ಬಿಲ್, 20 ಕೆಜಿ ಕಳೆದು, ಪಾಸ್ ಮಾಡುತ್ತೇವೆ ಅಂದಿದ್ದಾರೆ. ಆದರೆ ಅವರ ಪರ್ಚೇಸ್‌ನವರು ಮುಂದಿನ ಪಿಒದಿಂದ ಸ್ಟ್ಯಾಂಡರ್ಡ್ ತೂಕಕ್ಕೇ ಪಾವತಿ ಅಂತ ಹಾಕುತ್ತಾರಂತೆ.

8 ಎಂಎಂ ಹಾಗೇ ಇದೆ. ರಾಡ್ ಎಲ್ಲಾ ರಿಂಗ್ ಕಟ್ ಮಾಡಿ ಬಳಸಿಬಿಟ್ಟಿದ್ದಾರೆ. ನಾವು 900, ಅವರು 890.

ಬಿಲ್ಲಿಂಗ್_ಇಂಜಿನಿಯರ್
ಸ್ಟ್ಯಾಂಡರ್ಡ್ ತೂಕಕ್ಕೆ ಒಪ್ಪೋ ಮುಂಚೆ ಮಿಲ್‌ನಿಂದ ನಿಮಗೆ ಹೇಗೆ ಬಿಲ್ ಆಗುತ್ತೆ ನೋಡಿ. ಮಿಲ್ ತೂಕಕ್ಕೆ ಕೊಟ್ಟು, ನೀವು ಉದ್ದಕ್ಕೆ ಮಾರಿದರೆ ಆ ಎರಡು ಪರ್ಸೆಂಟ್ ನಿಮ್ಮ ತಲೆಗೆ ಬರುತ್ತೆ. ಡೀಲರ್ ಮಾರ್ಜಿನ್‌ನಲ್ಲಿ ಅಷ್ಟು ಉಳಿಯುತ್ತಾ?

ಗೋದಾಮು_ದಾವಣಗೆರೆ
ಉಳಿಯಲ್ಲ. ದರ ಏರಿಸಬೇಕು, ಇಲ್ಲವೇ ಆಚೀಚೆ ಇಂತಿಷ್ಟು ಪರ್ಸೆಂಟ್‌ವರೆಗೆ ವೇ ಬ್ರಿಡ್ಜ್ ತೂಕ, ಅದರ ಮೇಲಿನದು ನಮ್ಮದು ಅಂತ ಹಾಕಿಸಬೇಕು. ಸೋಮವಾರ ಮಾತಿಗೆ ಕರೆದಿದ್ದಾರೆ.

ಸ್ಟೋರ್ಸ್_ಹಳಬ
ಹೋದಾಗ ಎರಡೂ ಕಡೆ ತೂಗೋ ವೇ ಬ್ರಿಡ್ಜ್ ಯಾವುದು ಅಂತ ಹೆಸರು ಹಾಕಿಸಿ. 8 ಎಂಎಂ ಮಡಚದೆ ಕಳಿಸೋಕೆ ಗಾಡಿ ಬಾಡಿಗೆ ಯಾರದ್ದು ಅನ್ನೋದನ್ನೂ ಕೇಳಿ. ಆ 10 ರಾಡ್‌ಗೆ ನಾನಾಗಿದ್ದರೆ ಅರ್ಧ ಅರ್ಧ ಮಾಡುತ್ತಿದ್ದೆ.

ತೆರಿಗೆ_ಲೆಕ್ಕ
ಅರ್ಧ ಅರ್ಧ ಮಾಡಿದರೆ ಕ್ರೆಡಿಟ್ ನೋಟ್‌ನಲ್ಲಿ ಕಾರಣ ಏನಂತ ಬರೆಯುತ್ತೀರಿ? ಐದು ರಾಡ್ ಕಡಿಮೆ ಅಂತ ಇಬ್ಬರೂ ಹೇಳುತ್ತಿಲ್ಲ. ದರದಲ್ಲಿ ರಿಯಾಯಿತಿ ಅಂತ ಬೇರೆಯಾಗಿ ಕೊಡೋದು ವಾಸಿ, ಪ್ರಮಾಣ ಮುಟ್ಟಬೇಡಿ.

ಸ್ಟೋರ್ಸ್_ಹಳಬ
ಅದಕ್ಕೆ ಅವರ ಸ್ಟೋರ್ ಒಪ್ಪಲ್ಲ. ಸ್ಟಾಕ್ ಬುಕ್‌ನಲ್ಲಿ 890 ಹತ್ತಿದೆ, ಬಿಲ್‌ನಲ್ಲಿ 900 ಇದ್ದರೆ ಅವರ ಆಡಿಟ್‌ನಲ್ಲಿ ಮತ್ತೆ ಪ್ರಶ್ನೆ ಬರುತ್ತೆ.

ಗೋದಾಮು_ದಾವಣಗೆರೆ
ಸೋಮವಾರ ಇದನ್ನೇ ಮೊದಲು ಎತ್ತುತ್ತೇನೆ. ಏನಾಯ್ತು ಅಂತ ಇಲ್ಲೇ ಬರೆಯುತ್ತೇನೆ.